ಕಾಲಿನ ಹುಣ್ಣು ಮಾಯುತ್ತಿರುವ ಪಟ್ಟಿ: ಮನೆ ಭೇಟಿ ಪುಸ್ತಕದಿಂದ, ಪಾಂಡವಪುರ ತಾಲ್ಲೂಕು

ರೋಗಿ: 61 ವರ್ಷದ ಮಹಿಳೆ, ಸಕ್ಕರೆ ಕಾಯಿಲೆ. ಎಡ ಅಂಗಾಲು, ಹೆಬ್ಬೆರಳ ಬುಡ. ಅಳತೆ ಸಲೈನ್‌ನಲ್ಲಿ ತೊಳೆದ ಮೇಲೆ: ಉದ್ದ × ಅಗಲ × ಆಳ, ಸೆಂ.ಮೀ.

| ದಿನಾಂಕ | ಅಳತೆ | ಸೋರಿಕೆ | ಡ್ರೆಸ್ಸಿಂಗ್ |
|---|---|---|---|
| 3-6-2024 | 4.0 × 3.0 × 0.6 | ಹೆಚ್ಚು, ಹಳದಿ, ವಾಸನೆ | ಆಲ್ಜಿನೇಟ್, ಮೇಲೆ ಗಾಜ್ |
| 10-6-2024 | 3.6 × 2.8 × 0.5 | ಹೆಚ್ಚು, ವಾಸನೆ ಇಲ್ಲ | ಅದೇ |
| 17-6-2024 | ಅಳೆದಿಲ್ಲ | ಮಧ್ಯಮ, ತಿಳಿ | ಫೋಮ್ |
| 24-6-2024 | 3.8 × 2.8 × 0.4 | ಮಧ್ಯಮ. ಅಂಚು ಬೆಳ್ಳಗೆ ನೆನೆದಿದೆ | ಫೋಮ್, ಅಂಚಿಗೆ ಜಿಂಕ್ ಕ್ರೀಮ್ |
| 1-7-2024 | 2.6 × 2.0 × 0.2 | ಕಡಿಮೆ | ಫೋಮ್ |
| 8-7-2024 | 2.0 × 1.5 × 0.1 | ತೀರಾ ಕಡಿಮೆ | ಫೋಮ್ |

ಡಾಕ್ಟರ ಗಮನಕ್ಕೆ: 17ರಂದು ಪುಸ್ತಕದಲ್ಲಿ "ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡದು" ಎಂದಷ್ಟೇ ಇದೆ. ಅದನ್ನು ಸೆಂಟಿಮೀಟರ್‌ಗೆ ತಿರುಗಿಸಿ ತುಂಬಿಸಿಲ್ಲ. ಅಂದಾಜು ಅಂಕಿ ಸೇರಿದರೆ 24ರ ಹಿನ್ನಡೆ ಎಷ್ಟೆಂಬುದೇ ತಪ್ಪಾಗಿ ಕಾಣುತ್ತದೆ. ಆ ವಾರ ಅಮ್ಮ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗಿದ್ದರು, ಡ್ರೆಸ್ಸಿಂಗ್ ಪೂರಾ ನೆನೆದಿತ್ತು. ಆಮೇಲೆ ಮಗನೇ ಗದ್ದೆ ನೋಡಿಕೊಳ್ಳುತ್ತಿದ್ದಾನೆ.

ಉದ್ದ-ಅಗಲ ಗುಣಿಸಿದರೆ 12 ಚ.ಸೆಂ.ಮೀ. ಇದ್ದದ್ದು ನಾಲ್ಕು ವಾರಕ್ಕೆ 5.2, ಈಗ 3. ತಳ ಕೆಂಪಗಿದೆ, ಜ್ವರವಿಲ್ಲ. ಹುಣ್ಣಿನ ಮೇಲೆ ಭಾರ ಬೀಳದಂತಹ ಚಪ್ಪಲಿ ಇನ್ನೂ ಸಿಕ್ಕಿಲ್ಲ, ದಯವಿಟ್ಟು ಬರೆದುಕೊಡಿ. ಮುಂದಿನ ಅಳತೆ 15-7-2024.