ಹತ್ತು ಪದಕ್ಕಾಗುವಷ್ಟು ದುಡ್ಡು

1972ರ ಮಳೆಗಾಲ. ಶಿರಸಿಯ ತಾರ್ ಕಚೇರಿಯ ಕಿಟಕಿ ಮುಂದೆ ನಾಗಮ್ಮ ಸೆರಗಿನ ಗಂಟು ಬಿಚ್ಚಿ ಇದ್ದ ಚಿಲ್ಲರೆಯನ್ನೆಲ್ಲ ಸುರಿದಳು. ತಾರ್ ಮಾಸ್ತರ್ ವೆಂಕಟರಮಣ ಎಣಿಸಿ ನೋಡಿದರು. ಸರಿಯಾಗಿ ಹತ್ತು ಪದಕ್ಕೆ ಆಗುತ್ತಿತ್ತು.

"ನಿನ್ನೆ ಭಾವ ತಾರ್ ಕೊಟ್ಟುಬಿಟ್ರು ಮಾಸ್ತರ್ರೆ, ಅಪ್ಪ ಸೀರಿಯಸ್ ಹೊರಟು ಬಾ ಅಂತ. ಇವತ್ತು ಬೆಳಿಗ್ಗೆ ಇವರು ಎದ್ದು ಕೂತು ಗಂಜಿ ಕುಡಿದ್ರು. ಮಾಬ್ಲ ಈಗ ಸಾಲ ಮಾಡಿ ಹೊರಟ್ರೆ ಮಿಲ್ಲಿನ ಕೆಲಸ ಹೋಗ್ತದೆ. ಬರಬೇಡ ಅಂತ ಹೇಳಿ."

ವಿಳಾಸಕ್ಕೂ ದುಡ್ಡು, ಅದು ಎಷ್ಟೋ ಜನಕ್ಕೆ ಗೊತ್ತಿರುತ್ತಿರಲಿಲ್ಲ. ಮಹಾಬಲೇಶ್ವರ, ನಾಯ್ಕ್, ಗಣೇಶ್, ಚಾಳ್, ಪರೇಲ್, ಬಾಂಬೆ. ಆರು ಅಲ್ಲೇ ಹೋಯಿತು. ಉಳಿದದ್ದು ನಾಲ್ಕು.

'ಡೋಂಟ್ ಸ್ಟಾರ್ಟ್ ಫಾದರ್ ವೆಲ್' ಅಂತ ಬರೆದರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ವೆಂಕಟರಮಣರಿಗೆ 'ಡೋಂಟ್' ಅಂದರೆ ಭಯ. ಇಲ್ಲಿಂದ ಹೋದ ಮೋರ್ಸ್‌ನ ಕಟ್ಟು ಕಡ ಸದ್ದನ್ನು ಹುಬ್ಬಳ್ಳಿಯಲ್ಲಿ ಯಾರೋ ಕಿವಿಯಿಂದ ಕೇಳಿ ಬರೆದುಕೊಂಡು ಮುಂದಕ್ಕೆ ಕಳಿಸಬೇಕು, ಗುಡುಗು ಮಳೆಯಲ್ಲಿ ಆ ಒಂದು ಪದ ಬಿಟ್ಟುಹೋದರೆ ಹುಡುಗನ ಕೈಗೆ ಸಿಗುವುದು 'ಹೊರಡು' ಅಂತ. ಹಾಗಾಗಿ ಬಿದ್ದುಹೋದರೂ ಅರ್ಥ ತಿರುಗುಮುರುಗಾಗದ ಪದಗಳೇ ಬೇಕು.

ಹೊಡೆದು ಹಾಕಿ ಮತ್ತೆ ಬರೆದರು: 'ಫಾದರ್ ರಿಕವರ್ಡ್ ಸ್ಟೇ ದೇರ್'. ನಾಲ್ಕು. ಓದಿ ಅರ್ಥ ಹೇಳಿದರು.

ನಾಗಮ್ಮ ಸುಮ್ಮನೆ ನಿಂತಳು. "ಯಾರು ಕಳಿಸಿದ್ದು ಅಂತ ಇಲ್ಲವಲ್ಲ? ಮಾಬ್ಲ ನಂಬೋದಿಲ್ಲ. ಅಪ್ಪ ಹೋಗಿಬಿಟ್ಟಿದ್ದಾರೆ, ಸಮಾಧಾನಕ್ಕೆ ಏನೋ ಬರೆದಿದ್ದಾರೆ ಅಂದ್ಕೋತಾನೆ."

ಅದೂ ನಿಜವೇ. ಸತ್ತ ಮೇಲೂ 'ಸೀರಿಯಸ್' ಅಂತಲೇ ತಾರ್ ಕೊಡುವುದು ಎಲ್ಲ ಊರಲ್ಲೂ ಇತ್ತು, ದೂರದಲ್ಲಿರುವ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ಕೊನೆಗೆ 'ಮದರ್' ಸೇರಿಸಿದರೆ ಹನ್ನೊಂದಾಗುತ್ತದೆ. ತಾವೇ ಕೊಡೋಣವೆಂದು ವೆಂಕಟರಮಣ ಜೇಬಿಗೆ ಕೈ ಹಾಕಿದರು, ಆಕೆ ಒಪ್ಪಲಿಲ್ಲ. "ಬೇಡ ಮಾಸ್ತರ್ರೆ, ಋಣ ಬೇಡ. ಇದರಲ್ಲೇ ಏನಾದ್ರೂ ಮಾಡಿ."

'ದೇರ್' ತೆಗೆಯಲೇ? ಬರೀ 'ಸ್ಟೇ' ಅಂದರೆ ಎಲ್ಲಿ ಅಂತ ಹುಡುಗ ತಲೆ ಕೆಡಿಸಿಕೊಳ್ಳುತ್ತಾನೆ. 'ರಿಕವರ್ಡ್' ಅಂತೂ ಬೇಕೇ ಬೇಕು. ಪೆನ್ನು ಹಿಡಿದು ಹಾಗೇ ಕೂತರು.

"ಅಲ್ಲ, ಕಳಿಸಿದ್ದು ನಾನೇ ಅಂತ ಯಾಕೆ?" ಅಂದಳು ನಾಗಮ್ಮ. "ಇವರದ್ದೇ ಹಾಕಿ. ಅಪ್ಪನೇ ಕಳಿಸಿದಾನೆ ಅಂದ್ರೆ ಬದುಕಿದಾನೆ ಅಂತ ಆಯ್ತಲ್ವಾ?"

ವೆಂಕಟರಮಣ ಮೊದಲಿದ್ದ 'ಫಾದರ್' ಹೊಡೆದು ಕೊನೆಗೆ ಬರೆದರು. 'ರಿಕವರ್ಡ್ ಸ್ಟೇ ದೇರ್ ಫಾದರ್'. ಒಂದು ಪೈಸೆಯೂ ಜಾಸ್ತಿಯಾಗಲಿಲ್ಲ. ಇಷ್ಟು ವರ್ಷ ಜನರ ಮಾತು ಕತ್ತರಿಸಿ ಕತ್ತರಿಸಿ ಪಳಗಿದ ಕೈಗೂ ಇದು ಹೊಳೆದಿರಲಿಲ್ಲ.

"ನೀವೇ ಬರೆದಿರಿ ಅಮ್ಮ" ಅನ್ನುತ್ತಾ ರಸೀದಿ ಕೊಟ್ಟು, ತಾರಿನ ಕೀ ಹತ್ತಿರಕ್ಕೆಳೆದುಕೊಂಡು ಹುಬ್ಬಳ್ಳಿಯನ್ನು ಕರೆದರು.