ದಿನದ ಕಿರಿಕಿರಿಗೆ ಒಂದು ಉಪಾಯ: ಮಕ್ಕಳ ಆವಿಷ್ಕಾರ ದಿನದಂದು ಮುಖ್ಯಾಧ್ಯಾಪಕರ ಮಾತು

ಮಕ್ಕಳೇ, ಪಾಲಕರೇ, ಶಿಕ್ಷಕ ಮಿತ್ರರೇ, ಎಲ್ಲರಿಗೂ ನಮಸ್ಕಾರ.

ಹಿಂದಿನ ಮೇಜುಗಳ ಕಡೆಗೇ ಎಲ್ಲರ ಕಣ್ಣು ಇದೆ. ಹಾಗಾಗಿ ಜಾಸ್ತಿ ಹೊತ್ತು ತೆಗೆದುಕೊಳ್ಳುವುದಿಲ್ಲ.

ಈ ಸಲ ರಾಕೆಟ್ ಬೇಡ, ಜ್ವಾಲಾಮುಖಿ ಬೇಡ ಅಂದಿದ್ದೆವು. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಉಕ್ಕಿಸುವ ಜ್ವಾಲಾಮುಖಿ ಪ್ರತಿ ವರ್ಷ ಬರುತ್ತಿತ್ತು. ನೆಲ ಒರೆಸುವ ಅಕ್ಕನಿಗೆ ಅದು ಸಾಕಾಗಿತ್ತು. ಬದಲಿಗೆ, ನಿಮಗೆ ದಿನಾ ಕಿರಿಕಿರಿ ಕೊಡುವ ಒಂದು ಸಣ್ಣ ಸಂಗತಿ ಹುಡುಕಿ, ಅದಕ್ಕೊಂದು ಉಪಾಯ ಮಾಡಿ ಎಂದೆವು. ನೀವು ಬರೆದುಕೊಟ್ಟ ಚೀಟಿಗಳನ್ನೆಲ್ಲ ಓದಿದೆ. ಮಳೆಗಾಲದಲ್ಲಿ ಒಣಗದ ಯೂನಿಫಾರ್ಮ್, ತೋಟದ ದಾರಿಯಲ್ಲಿ ಕಾಲು ಹತ್ತುವ ಉಂಬಳ, ನೀರಾಗುವ ಉಪ್ಪು, ಬಸ್ಸಿನಲ್ಲಿ ಪಕ್ಕದವರ ಒದ್ದೆ ಕೊಡೆ. ಒಬ್ಬಳು 'ನನ್ನ ತಮ್ಮ' ಅಂತ ಮಾತ್ರ ಬರೆದಿದ್ದಾಳೆ. ಅದಕ್ಕೆ ನಮ್ಮಲ್ಲಿ ಉಪಾಯವಿಲ್ಲ.

ಇವೆಲ್ಲ ನಮಗೂ, ಅಂದರೆ ದೊಡ್ಡವರಿಗೂ, ಇರುವ ತೊಂದರೆಗಳೇ. ಆದರೆ ನಾವು 'ಶಿರಸಿ ಮಳೆ ಅಂದರೆ ಹಾಗೇ' ಅಂದುಕೊಂಡು ಸುಮ್ಮನಾಗಿದ್ದೇವೆ. ನಿಮಗೆ ಇನ್ನೂ ಅಷ್ಟು ರೂಢಿಯಾಗಿಲ್ಲ. ನೀವು ಗೊಣಗುತ್ತೀರಿ. ಇವತ್ತು ಒಂದು ದಿನದ ಮಟ್ಟಿಗೆ ನಾನು ಗೊಣಗುವವರ ಪಕ್ಷ.

ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವಾಗ ಜೋರು ಮಳೆ ಬಂದರೆ ಬಸ್ಸಿನ ಮುಂದಿನ ಗಾಜಿನಲ್ಲಿ ಏನಾಗುತ್ತದೆ? ವೈಪರ್ ಆಡುತ್ತದೆ. ಅದು ಇಲ್ಲದಿದ್ದರೆ ಆ ತಿರುವುಗಳಲ್ಲಿ ಬಸ್ ಹೋಗುವ ಹಾಗೇ ಇಲ್ಲ. ಅಮೆರಿಕದ ಅಲಬಾಮಾದಲ್ಲಿ ಮೇರಿ ಆಂಡರ್ಸನ್ ಎಂಬ ಮಹಿಳೆ ಇದ್ದರು. ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ ಟ್ರಾಮ್ ಹತ್ತಿದರು. ಗಾಜಿನ ಮೇಲೆ ಹಿಮ ಬೀಳುತ್ತಿತ್ತು. ದಾರಿ ಕಾಣಲೆಂದು ಚಾಲಕ ಮುಂದಿನ ಗಾಜನ್ನೇ ತೆರೆದಿಟ್ಟು ಓಡಿಸುತ್ತಿದ್ದ. ಎಲ್ಲರೂ ನಡುಗುತ್ತಾ ಕೂತಿದ್ದರು. ಒಳಗಿನಿಂದ ಹಿಡಿ ಎಳೆದರೆ ಹೊರಗೆ ರಬ್ಬರ್ ಪಟ್ಟಿ ಗಾಜು ಒರೆಸುವ ಸಾಧನವನ್ನು ಅವರು ಯೋಚಿಸಿದರು. 1903ರಲ್ಲಿ ಪೇಟೆಂಟ್ ಸಿಕ್ಕಿತು. ಕೊಳ್ಳುವವರು ಮಾತ್ರ ಸಿಗಲಿಲ್ಲ. ಒಂದು ಕಂಪನಿ, ಇದರಿಂದ ವ್ಯಾಪಾರವಾಗುವುದಿಲ್ಲ ಅಂತ ವಾಪಸ್ ಕಳಿಸಿತು. ಪೇಟೆಂಟಿನ ಅವಧಿ ಮುಗಿಯಿತು, ಅವರ ಕೈಗೆ ದುಡ್ಡು ಬರಲಿಲ್ಲ. ಆ ಟ್ರಾಮಿನಲ್ಲಿ ಎಷ್ಟು ಜನ ನಡುಗಿದ್ದರೋ, ಒರೆಸುವ ಪಟ್ಟಿಯ ಯೋಚನೆ ಬಂದಿದ್ದು ಅವರೊಬ್ಬರಿಗೆ.

ಈಗ ನಮ್ಮ ಏಳನೇ ತರಗತಿಯ ಒಬ್ಬ ಹುಡುಗನ ಕಥೆ ಹೇಳಲೇಬೇಕು. ಅವರ ಮನೆಯಲ್ಲಿ ಚಾಲಿ ಒಣಗಿಸುತ್ತಾರೆ. ಅದಕ್ಕೆ ಸುಮಾರು ನಲವತ್ತು ದಿನದ ಬಿಸಿಲು ಬೇಕು, ನಡುವೆ ಅಕಾಲ ಮಳೆ ಬಂದರೆ ಅಡಿಕೆ ಕೆಟ್ಟಿತು. ಹನಿ ಬಿದ್ದ ಕೂಡಲೇ ಅಂಗಳಕ್ಕೆ ಓಡುವ ಕೆಲಸ ಇವನದು. ಬ್ಯಾಟರಿ, ಗಂಟೆ, ಬಟ್ಟೆ ಕ್ಲಿಪ್ ತೆಗೆದುಕೊಂಡ. ಕ್ಲಿಪ್ಪಿನ ಎರಡೂ ತುಟಿಗೆ ತಂತಿ ಸುತ್ತಿ, ನಡುವೆ ಕಲ್ಲುಪ್ಪಿನ ಹರಳು ಇಟ್ಟ. ಮಳೆಗೆ ಉಪ್ಪು ಕರಗಬೇಕು, ತಂತಿ ಕೂಡಬೇಕು, ಗಂಟೆ ಹೊಡೆಯಬೇಕು. ಆದರೆ ರಾತ್ರಿಯ ಇಬ್ಬನಿಗೇ ಉಪ್ಪು ಒದ್ದೆಯಾಯಿತು. ನಡುರಾತ್ರಿ ಮನೆಮಂದಿಯೆಲ್ಲ ಎದ್ದು ಅಂಗಳಕ್ಕೆ ಬಂದರೆ ಮೇಲೆ ನಕ್ಷತ್ರ! ಬೆಲ್ಲ ಇಟ್ಟು ನೋಡಿದ. ಅದನ್ನು ಇರುವೆ ತಿಂದವು. ಚುರುಗುಡುವ ಬಿಸಿಲಲ್ಲಿ ಗಂಟೆ ಹೊಡೆಯಿತು. ಕೊನೆಗೆ ಕ್ಲಿಪ್ಪಿನ ಹಿಂಬದಿಯನ್ನು ಒತ್ತಿ, ಅದಕ್ಕೆ ಪೇಪರಿನ ತೆಳು ಪಟ್ಟಿ ಬಿಗಿದ. ಪಟ್ಟಿ ಇರುವ ತನಕ ಬಾಯಿ ತೆರೆದಿರುತ್ತದೆ. ಮಳೆಗೆ ನೆನೆದು ಹರಿದರೆ ಬಾಯಿ ಮುಚ್ಚುತ್ತದೆ. ಇಬ್ಬನಿಗೆ ಅದು ಹರಿಯಲಿಲ್ಲ, ಇರುವೆಗೂ ಬೇಡ. ಉಪ್ಪು ಮತ್ತು ಬೆಲ್ಲದ ಮಾದರಿಗಳನ್ನೂ ಮೇಜಿನ ಮೇಲೆ ಇಡು ಅಂತ ನಾನೇ ಹೇಳಿದ್ದೇನೆ. ಅವನ್ನೂ ನೋಡಿ.

ತೀರ್ಪುಗಾರರಿಗೆ ಒಂದು ಪ್ರಶ್ನೆ ಕೊಟ್ಟಿದ್ದೇನೆ, ಅದು ಗುಟ್ಟೇನಲ್ಲ: ನಿನ್ನ ಉಪಾಯದಿಂದ ಬೇರೆ ಯಾರಿಗೆ ಕೆಲಸ ಹೆಚ್ಚಾಯಿತು? ಕೊಡೆಯ ತುದಿಗೆ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿ ನೀರು ಹಿಡಿಯುವ ಮಾದರಿ ಚೆನ್ನಾಗಿದೆ. ಆ ನೀರನ್ನು ಎಲ್ಲಿ ಚೆಲ್ಲುತ್ತೀರಿ? ಬಸ್ಸಿನ ಕಿಟಕಿಯಿಂದ ಅಂತ ಹೇಳಬೇಡಿ.

ಇನ್ನು, ಒಳ್ಳೆಯ ಯೋಚನೆಗಳನ್ನು ಇನ್‌ಸ್ಪೈರ್ ಮಾನಕ್ ಯೋಜನೆಗೆ ನಮ್ಮ ಶಾಲೆಯಿಂದ ಕಳಿಸುತ್ತೇವೆ. ಅಲ್ಲಿ ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಸಿಗುತ್ತದೆ. ವಿಜ್ಞಾನ ಶಿಕ್ಷಕರ ಹತ್ತಿರ ಹೆಸರು ಕೊಡಿ.

ಪಾಲಕರಲ್ಲಿ ಒಂದೇ ವಿನಂತಿ. ನಿಮ್ಮ ಮಗ, ಮಗಳು ವಿವರಿಸುವಾಗ ನಡುವೆ ಬಾಯಿ ಹಾಕಬೇಡಿ. ತಡವರಿಸಿದರೂ ಅವರೇ ಹೇಳಲಿ. ಮನೆಯಲ್ಲಿ ಅಂಟು, ತಂತಿ ಎಲ್ಲ ಹಿಡಿದುಕೊಂಡವರು ನೀವೇ ಅಂತ ನಮಗೆ ಗೊತ್ತಿದೆ. ಊಟ ಒಂದು ಗಂಟೆಗೆ. ಮಳೆಗಂಟೆ ಹೊಡೆದರೆ ಹೆದರಬೇಡಿ, ಯಾರೋ ನೀರು ಚಿಮುಕಿಸಿ ನೋಡುತ್ತಿದ್ದಾರೆ ಅಂತ ಅರ್ಥ. ಬನ್ನಿ, ಮೇಜುಗಳ ಕಡೆ ಹೋಗೋಣ.