ಪ್ರಬಂಧದ ರೂಪುರೇಷೆ: ಎಂಟನೇ ಹೆನ್ರಿ, ರೋಮ್‌ನಿಂದ ಬೇರೆಯಾದ ಚರ್ಚು, ಮಠಗಳ ವಿಸರ್ಜನೆ

ಎಂ.ಎ. ಇತಿಹಾಸ, ಎರಡನೇ ಸೆಮಿಸ್ಟರ್. ಪತ್ರಿಕೆ: ಆಧುನಿಕ ಯುರೋಪ್. ಆಂತರಿಕ ಮೌಲ್ಯಮಾಪನದ ಪ್ರಬಂಧ, ಮಿತಿ 2000 ಪದ.

ಪ್ರಶ್ನೆ: ಇಂಗ್ಲೆಂಡಿನ ಚರ್ಚು ಪೋಪ್‌ನಿಂದ ಬೇರೆಯಾದದ್ದು ಧರ್ಮದ ಕಾರಣಕ್ಕೋ, ರಾಜನ ಅಗತ್ಯಕ್ಕೋ?

ನನ್ನ ವಾದ: ವಿವಾಹದ ತೊಡಕಿನಿಂದ ಬಿರುಕು ಬಿಟ್ಟಿತು, ಪಾರ್ಲಿಮೆಂಟಿನ ಕಾಯ್ದೆಗಳು ಅದನ್ನು ಶಾಸನಬದ್ಧಗೊಳಿಸಿದವು. ಆದರೆ ಹಿಂದಿರುಗುವ ದಾರಿಯನ್ನು ಮುಚ್ಚಿದ್ದು ಮಠಗಳ ಜಮೀನು ಕೈಬದಲಾದದ್ದು.

1. ಪೀಠಿಕೆ (200 ಪದ)
ಲೂಥರ್‌ನನ್ನು ಖಂಡಿಸಿ ಬರೆದುದಕ್ಕೆ 1521ರಲ್ಲಿ ಪೋಪ್ ಹತ್ತನೇ ಲಿಯೋನಿಂದ 'ಧರ್ಮರಕ್ಷಕ' ಬಿರುದು ಪಡೆದ ರಾಜನೇ ಹದಿಮೂರು ವರ್ಷಗಳಲ್ಲಿ ಪೋಪ್‌ನ ಅಧಿಕಾರವನ್ನು ತಿರಸ್ಕರಿಸಿದ. ಈ ವೈರುಧ್ಯದಿಂದ ಆರಂಭ.

2. ವಿವಾಹ ಪ್ರಕರಣ (300 ಪದ, ಇಲ್ಲಿ ಹಿಗ್ಗಿಸಬಾರದು)
ಹೆನ್ರಿಯ ಮೊದಲ ಪತ್ನಿ ಆರಗಾನಿನ ಕ್ಯಾಥರೀನ್‌ಗೆ ಗಂಡು ಸಂತಾನ ಉಳಿಯಲಿಲ್ಲ. 1527ರಲ್ಲಿ ಆಕೆಯ ಅಕ್ಕನ ಮಗ, ಚಕ್ರವರ್ತಿ ಐದನೇ ಚಾರ್ಲ್ಸ್‌ನ ಪಡೆ ರೋಮನ್ನು ಲೂಟಿ ಮಾಡಿತ್ತು. ಪೋಪ್ ಏಳನೇ ಕ್ಲೆಮೆಂಟ್‌ಗೆ ವಿವಾಹ ರದ್ದು ಮಾಡುವ ಧೈರ್ಯ ಬರಲಿಲ್ಲ. ಅನುಮತಿ ದೊರಕಿಸಲಾಗದ ರಾಜನ ಮಂತ್ರಿ ಕಾರ್ಡಿನಲ್ ವುಲ್ಸಿಯ ಪತನ 1529ರಲ್ಲಿ. ಆನ್ ಬೊಲಿನ್ ಕುರಿತು ಒಂದೇ ಪ್ಯಾರಾ ಸಾಕು, ಆಕೆಯ ಕತೆ ಎಲ್ಲರಿಗೂ ಗೊತ್ತು.

3. ಕಾಯ್ದೆಗಳ ಮೂಲಕ ಬೇರ್ಪಡೆ (500 ಪದ)
- 1533: ರೋಮ್‌ಗೆ ಮೇಲ್ಮನವಿ ನಿಷೇಧ. ಅದೇ ವರ್ಷ ಆರ್ಚ್‌ಬಿಷಪ್ ಕ್ರ್ಯಾನ್ಮರ್ ಮೊದಲ ವಿವಾಹ ಅಸಿಂಧುವೆಂದು ಘೋಷಿಸಿದ.
- 1534: ಪರಮಾಧಿಕಾರ ಕಾಯ್ದೆ, ರಾಜನೇ ಚರ್ಚಿನ ಮುಖ್ಯಸ್ಥ.
- 1535: ಒಪ್ಪದ ಥಾಮಸ್ ಮೋರ್, ಬಿಷಪ್ ಫಿಷರ್ ಇಬ್ಬರಿಗೂ ಶಿರಚ್ಛೇದ.
ಹೆನ್ರಿ ಪ್ರೊಟೆಸ್ಟಂಟ್ ಆದನೆಂದು ಬರೆಯುವುದು ತಪ್ಪು. 1539ರ ಆರು ವಿಧಿಗಳ ಕಾಯ್ದೆ ಪಾದ್ರಿಗಳ ಬ್ರಹ್ಮಚರ್ಯದಂಥ ಹಳೆಯ ನಿಯಮಗಳನ್ನು ಉಳಿಸಿಕೊಂಡಿತು. ಇದು ವಾದದ ಆಧಾರಸ್ತಂಭ, ಉಲ್ಲೇಖ ಬಿಡಬಾರದು.

4. ಮಠಗಳ ವಿಸರ್ಜನೆ (750 ಪದ, ಪ್ರಬಂಧದ ತಿರುಳು)
ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಅಧಿಕಾರಿಗಳು 1535ರಲ್ಲಿ ಚರ್ಚಿನ ಆದಾಯವನ್ನೆಲ್ಲ ಲೆಕ್ಕಹಾಕಿದರು. ಮಠಗಳ ಅನಾಚಾರದ ವರದಿಗಳೂ ಬಂದವು. ಆದರೆ 1536ರ ಕಾಯ್ದೆ ಮುಚ್ಚಲು ಗುರುತಿಸಿದ್ದು ವರ್ಷಕ್ಕೆ 200 ಪೌಂಡ್‌ಗಿಂತ ಕಡಿಮೆ ಆದಾಯದವುಗಳನ್ನು. ಅನಾಚಾರ ಅಳೆಯಲು ವರಮಾನದ ಮಿತಿಯೇಕೆ? ಈ ಪ್ರಶ್ನೆಯನ್ನು ಎತ್ತಿ ಸ್ವಲ್ಪ ನಿಲ್ಲಬೇಕು. ವಶವಾದ ಆಸ್ತಿಯ ನಿರ್ವಹಣೆಗೆಂದೇ 'ಆಗ್ಮೆಂಟೇಶನ್ಸ್ ಕೋರ್ಟ್' ಹುಟ್ಟಿತು.

ಪ್ರತಿರೋಧ: 1536ರ ಶರತ್ಕಾಲದಲ್ಲಿ ಲಿಂಕನ್‌ಶೈರ್, ಯಾರ್ಕ್‌ಶೈರ್‌ಗಳಲ್ಲಿ ದಂಗೆ ('ಪಿಲ್‌ಗ್ರಿಮೇಜ್ ಆಫ್ ಗ್ರೇಸ್'). ನಾಯಕ ವಕೀಲ ರಾಬರ್ಟ್ ಆಸ್ಕ್. ಭರವಸೆ ನಂಬಿ ಪಡೆ ಚದುರಿಸಿದ, 1537ರಲ್ಲಿ ಗಲ್ಲಿಗೇರಿದ. ಬಳಿಕ ದೊಡ್ಡ ಮಠಗಳ ಸರದಿ: 'ಸ್ವಇಚ್ಛೆಯ' ಶರಣಾಗತಿ, ಸನ್ಯಾಸಿಗಳಿಗೆ ಪಿಂಚಣಿ, ಗ್ಲಾಸ್ಟನ್‌ಬರಿಯ ಮಠಾಧೀಶನಿಗೆ 1539ರಲ್ಲಿ ಗಲ್ಲು. 1540ರ ಮಾರ್ಚ್‌ನಲ್ಲಿ ಕೊನೆಯದಾದ ವಾಲ್ತಮ್ ಮುಚ್ಚಿತು. ಒಟ್ಟು ಸುಮಾರು 800.

ನಷ್ಟದ ಲೆಕ್ಕವೂ ಬೇಕು: ಗ್ರಂಥಾಲಯಗಳು ಚೆಲ್ಲಾಪಿಲ್ಲಿ, ಬಡವರಿಗೆ ಸಿಗುತ್ತಿದ್ದ ಅನ್ನ-ಆಸರೆ ಇಲ್ಲವಾಯಿತು.

5. ಮುಕ್ತಾಯದ ಪ್ಯಾರಾ (250 ಪದ)
ಫ್ರಾನ್ಸ್, ಸ್ಕಾಟ್ಲೆಂಡ್ ಯುದ್ಧಗಳ ಖರ್ಚಿಗೆ ಭೂಮಿಯ ಬಹುಭಾಗ ಮಾರಾಟವಾಯಿತು. ಕೊಂಡವರು ಜಮೀನ್ದಾರರು, ಆಸ್ಥಾನಿಕರು, ವರ್ತಕರು. ಇವರಲ್ಲಿ ಹಳೆಯ ಕ್ಯಾಥೊಲಿಕ್ ನಂಬಿಕೆಯವರೂ ಇದ್ದರು. 1554ರಲ್ಲಿ ರಾಣಿ ಮೇರಿ ದೇಶವನ್ನು ಮತ್ತೆ ರೋಮ್‌ಗೆ ಒಪ್ಪಿಸಿದಾಗ, ಪೋಪ್‌ನ ಪ್ರತಿನಿಧಿ ಕಾರ್ಡಿನಲ್ ಪೋಲ್ ಕೂಡ ಆ ಜಮೀನುಗಳನ್ನು ಕೊಂಡವರ ಬಳಿಯೇ ಬಿಡಬೇಕಾಯಿತು.